ಹಾಟ್‌ಸ್ಪಾಟ್ ಮೇಲೆ ಲ್ಯಾಪ್‌ಟಾಪ್, ಸ್ಪೀಕರ್: ದಿನದ 2 ಜಿಬಿಯನ್ನು ರಾತ್ರಿ ಹನ್ನೆರಡರವರೆಗೆ ಎಳೆದ ಲೆಕ್ಕ

ಪುಣೆ ಹತ್ತಿರದ ಚಿಂಚ್‌ವಡದ ನಮ್ಮ ಬಿಲ್ಡಿಂಗ್‌ಗೆ ಬ್ರಾಡ್‌ಬ್ಯಾಂಡ್ ಕೇಬಲ್ ಎಳೆಯಲು ಸೊಸೈಟಿಯವರು ಇನ್ನೂ ಒಪ್ಪಿಲ್ಲ. ಒಪ್ಪುವವರೆಗೆ ಇಡೀ ಮನೆ ನನ್ನ ಫೋನಿನ ಹಾಟ್‌ಸ್ಪಾಟ್ ಮೇಲೆಯೇ ನಡೆಯಬೇಕು. ಪ್ಯಾಕ್ ದಿನಕ್ಕೆ 2 ಜಿಬಿಯದು. ಅದು ಮುಗಿದರೆ ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಯುತ್ತದೆ, ರಾತ್ರಿ ಹನ್ನೆರಡಕ್ಕೆ ಮತ್ತೆ ಹೊಸ 2 ಜಿಬಿ. ಪ್ಯಾಕ್‌ನಲ್ಲಿ ‘ಅನ್‌ಲಿಮಿಟೆಡ್ 5ಜಿ’ ಅಂತ ಇದೆ, ಆದರೆ ಅದು 5ಜಿ ಸಿಗ್ನಲ್ ಇದ್ದಾಗ ಮಾತ್ರ. ನಮ್ಮ ಹಾಲ್‌ನ ಒಳಗೆ ಫೋನ್ 4ಜಿಗೆ ಬೀಳುತ್ತದೆ. ಅಲ್ಲಿ ಖರ್ಚಾದದ್ದೆಲ್ಲ ಈ 2 ಜಿಬಿಯಿಂದಲೇ ಕಳೆಯುತ್ತದೆ.

ಮನೆಯಲ್ಲಿ ಮೂರು ಜನ. ನಾನು, ಕಾಕಾನ ಮಗನಾದ ತಮ್ಮ, ಮತ್ತು ಧಾರವಾಡದಿಂದ ಬಂದಿರುವ ಅವ್ವ. ಬೇಡಿಕೆ ದೊಡ್ಡದೇನಲ್ಲ. ಬೆಳಿಗ್ಗೆ ಸ್ಪೀಕರ್‌ನಲ್ಲಿ ದಾಸರ ಪದ, ವಚನ. ರಾತ್ರಿ ಊಟದ ಹೊತ್ತಿಗೆ ಲ್ಯಾಪ್‌ಟಾಪ್‌ನಲ್ಲಿ ಯೂಟ್ಯೂಬ್, ಒಂದು ತಾಸು. ಆಮೇಲೆ ಅರ್ಧ ತಾಸು ನ್ಯೂಸ್. ಇಷ್ಟು ಮುಗಿಯುವ ಮೊದಲೇ ಡೇಟಾ ಖಾಲಿಯಾಗುತ್ತಿತ್ತು. ಮುಗಿದಾಗಲೆಲ್ಲ ಆ್ಯಡ್‌ಆನ್ ಪ್ಯಾಕ್ ಹಾಕಿಸುತ್ತಿದ್ದೆ, ಒಂದು ಜಿಬಿಗೆ ಇಪ್ಪತ್ತು ರೂಪಾಯಿಯ ಆಸುಪಾಸು. ದಿನಾ ಹಾಕಿಸಿದರೆ ತಿಂಗಳಿಗೆ ಮೂಲ ಪ್ಯಾಕ್‌ಗಿಂತ ಅದೇ ಜಾಸ್ತಿ ಆಗುತ್ತದೆ.

ಹಂತ 1: ಮೊದಲು ಅಳತೆ

ಎಲ್ಲಿ ಹೋಗುತ್ತಿದೆ ಅಂತ ಗೊತ್ತಿಲ್ಲದೆ ಉಳಿಸಲು ಆಗುವುದಿಲ್ಲ. ಕಂಪನಿಯ ಮೆಸೇಜ್ ನಂಬಿ ಕೂರುವ ಹಾಗಿಲ್ಲ, ಅದು ತಡವಾಗಿ ಬರುತ್ತದೆ. ಫೋನಿನ ಡೇಟಾ ಪಟ್ಟಿಯಲ್ಲಿ `Hotspot & tethering` ಅಂತ ಒಂದು ಸಾಲು ಇರುತ್ತದೆ. ಅಲ್ಲಿ ಒಟ್ಟು ಎಷ್ಟು ಅಂತ ಗೊತ್ತಾಗುತ್ತದೆ, ಯಾವ ಕೆಲಸಕ್ಕೆ ಎಷ್ಟು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲೇ ಅಳೆದೆ. ನನ್ನದು ವಿಂಡೋಸ್ 11. ಪವರ್‌ಶೆಲ್ ತೆರೆದು ಇಷ್ಟು ಬರೆದರೆ ಸಾಕು:

```
Get-NetAdapterStatistics -Name "Wi-Fi"
```

`ReceivedBytes` ಅನ್ನುವ ಕಾಲಂ ನೋಡಿ. ಲ್ಯಾಪ್‌ಟಾಪ್ ಆನ್ ಆದಾಗಿನಿಂದ ವೈಫೈ ಮೂಲಕ ಒಳಗೆ ಬಂದದ್ದೆಲ್ಲ ಅಲ್ಲಿದೆ. ವಿಡಿಯೋ ಶುರು ಮಾಡುವ ಮೊದಲು ಒಮ್ಮೆ ಬರೆದುಕೊಳ್ಳಿ, ಹತ್ತು ನಿಮಿಷ ಆದ ಮೇಲೆ ಇನ್ನೊಮ್ಮೆ. ರೀಸ್ಟಾರ್ಟ್ ಮಾಡಿದರೆ ಸೊನ್ನೆಯಿಂದ ಶುರುವಾಗುತ್ತದೆ, ಅದಕ್ಕೆ ನಡುವೆ ಬಂದ್ ಮಾಡಬೇಡಿ.

ನನ್ನ ಒಂದು ಅಳತೆ ಹೀಗಿತ್ತು. ಯೂಟ್ಯೂಬ್‌ನಲ್ಲಿ 720p ಇಟ್ಟು ಶುರು ಮಾಡಿದಾಗ 318406112. ಹತ್ತು ನಿಮಿಷದ ನಂತರ 423611908. ಕಳೆದರೆ 105205796 ಬೈಟ್, ಅಂದರೆ 105 ಎಂಬಿ. ತಾಸಿಗೆ 630 ಎಂಬಿ ಆಯಿತು. ಅದೇ ವಿಡಿಯೋವನ್ನು ಬೇರೆ ಬೇರೆ ಕ್ವಾಲಿಟಿಯಲ್ಲಿ ಓಡಿಸಿದಾಗ 1080pಗೆ ಹತ್ತು ನಿಮಿಷಕ್ಕೆ 210 ಎಂಬಿ, 480pಗೆ 55, 360pಗೆ 35, 144pಗೆ 17. ಓಟದ ದೃಶ್ಯ, ಕ್ರಿಕೆಟ್ ಇದ್ದರೆ ಇದಕ್ಕಿಂತ ಜಾಸ್ತಿ ಬರುತ್ತದೆ. ಕುಳಿತು ಮಾತಾಡುವ ದೃಶ್ಯಗಳಿಗೆ ಕಡಿಮೆ.

ಈಗ ಲೆಕ್ಕ ಹಾಕಿ. ನಾವು ದಿನಾ ನೋಡುತ್ತಿದ್ದದ್ದು 1080p. ಒಂದು ತಾಸಿಗೆ 1260 ಎಂಬಿ. ಎರಡು ಜಿಬಿಯ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಮುಗಿಯಿತು. ಆದರೂ ಲೆಕ್ಕ ಪೂರ್ತಿ ಕೂಡುತ್ತಿರಲಿಲ್ಲ, ನಾವು ವಿಡಿಯೋ ಶುರು ಮಾಡುವ ಮೊದಲೇ ಬಹಳಷ್ಟು ಹೋಗಿರುತ್ತಿತ್ತು. ಅದಕ್ಕೆ ಏನನ್ನೂ ಹಚ್ಚದೆ, ಲ್ಯಾಪ್‌ಟಾಪ್ ಸುಮ್ನೆ ತೆರೆದಿಟ್ಟು ಹತ್ತು ನಿಮಿಷ ಬಿಟ್ಟು ಅಳೆದೆ. 70 ಎಂಬಿ. ಯಾರೂ ಏನೂ ನೋಡುತ್ತಿಲ್ಲ, ತಾಸಿಗೆ 420 ಎಂಬಿ ಹೋಗುತ್ತಿದೆ.

ಹಂತ 2: ಸುಮ್ನೆ ಕೂತ ಲ್ಯಾಪ್‌ಟಾಪ್ ತಿನ್ನುವುದು ಏನನ್ನು

ಸ್ಟಾರ್ಟ್ ಮೆನುವಿನಲ್ಲಿ `resmon` ಅಂತ ಟೈಪ್ ಮಾಡಿದರೆ ರಿಸೋರ್ಸ್ ಮಾನಿಟರ್ ತೆರೆಯುತ್ತದೆ. ಅದರ `Network` ಟ್ಯಾಬ್‌ನಲ್ಲಿ ಯಾವ ಪ್ರೋಗ್ರಾಂ ಎಷ್ಟು ಎಳೆಯುತ್ತಿದೆ ಅಂತ ಸಾಲಾಗಿ ಕಾಣುತ್ತದೆ. `Receive` ಕಾಲಂ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಎಳೆಯುವುದು ಮೇಲಕ್ಕೆ ಬರುತ್ತದೆ. ನಮ್ಮಲ್ಲಿ ಮೇಲಿದ್ದದ್ದು `svchost.exe`. ವಿಂಡೋಸ್‌ನ ಅಪ್‌ಡೇಟ್ ಇದೇ ಹೆಸರಿನಲ್ಲಿ ಇಳಿಯುತ್ತದೆ. ಅದರ ಕೆಳಗೆ `OneDrive.exe`, ಫೋಟೋ ಫೋಲ್ಡರ್ ಸಿಂಕ್ ಮಾಡುತ್ತಿತ್ತು. ಅದರ ಕೆಳಗೆ ಬ್ರೌಸರ್. ತಮ್ಮ ಬೆಳಿಗ್ಗೆ ತೆರೆದು ಬಿಟ್ಟಿದ್ದ ಒಂದು ಸುದ್ದಿ ಪುಟದ ಮೂಲೆಯಲ್ಲಿ ಜಾಹೀರಾತಿನ ವಿಡಿಯೋ ತನ್ನಷ್ಟಕ್ಕೆ ತಾನೇ ಓಡುತ್ತಿತ್ತು.

ಇದರಲ್ಲಿ ಯಾವುದೂ ಕೆಟ್ಟಿಲ್ಲ. ವಿಷಯ ಏನೆಂದರೆ, ಲ್ಯಾಪ್‌ಟಾಪ್‌ಗೆ ಇದು ಮೊಬೈಲ್ ಡೇಟಾ ಅಂತ ಗೊತ್ತೇ ಇಲ್ಲ. ಹಾಟ್‌ಸ್ಪಾಟ್ ಅದರ ಕಣ್ಣಿಗೆ ಒಂದು ವೈಫೈ, ಅಷ್ಟೇ. ಫೋನಿನಲ್ಲಿ ‘ಮೊಬೈಲ್ ಡೇಟಾದಲ್ಲಿ ಕಡಿಮೆ ಕ್ವಾಲಿಟಿ’ ಅಂತ ಎಷ್ಟು ಹಾಕಿಟ್ಟರೂ ಅದು ಫೋನಿನ ಆ್ಯಪ್‌ಗಳಿಗೆ ಮಾತ್ರ. ಲ್ಯಾಪ್‌ಟಾಪ್‌ಗೆ ನಾವೇ ಬೇರೆಯಾಗಿ ಹೇಳಬೇಕು.

ಹೇಳುವ ಜಾಗ ಇದು. ಹಾಟ್‌ಸ್ಪಾಟ್‌ಗೆ ಕನೆಕ್ಟ್ ಆಗಿರುವಾಗ `Settings` ತೆರೆದು `Network & internet`, ಅಲ್ಲಿಂದ `Wi-Fi`, ಅಲ್ಲಿ ನಿಮ್ಮ ಹಾಟ್‌ಸ್ಪಾಟ್ ಹೆಸರಿನ `properties`. ಅದರೊಳಗೆ `Metered connection` ಅಂತ ಒಂದು ಸ್ವಿಚ್. ಅದನ್ನು ಆನ್ ಮಾಡಿ. ಇಷ್ಟು ಮಾಡಿದರೆ ವಿಂಡೋಸ್‌ನ ಬಹುತೇಕ ಅಪ್‌ಡೇಟ್ ನಿಲ್ಲುತ್ತವೆ, ಸ್ಟೋರ್ ಆ್ಯಪ್‌ಗಳ ಅಪ್‌ಡೇಟ್ ನಿಲ್ಲುತ್ತದೆ, ಒನ್‌ಡ್ರೈವ್ ಸಿಂಕ್ ಕೂಡ ತಾನೇ ನಿಲ್ಲುತ್ತದೆ. ತೀರಾ ತುರ್ತಿನ ಅಪ್‌ಡೇಟ್ ಮಾತ್ರ ಆಗಲೂ ಬರಬಹುದು. ಬ್ರೌಸರ್ ಮಾತ್ರ ಈ ಸ್ವಿಚ್‌ಗೆ ಕಿವಿಗೊಡುವುದಿಲ್ಲ. ಅದರಲ್ಲಿ ತೆರೆದಿಟ್ಟ ಟ್ಯಾಬ್ ನೀವೇ ಮುಚ್ಚಬೇಕು.

ಸ್ವಿಚ್ ಹಾಕಿ, ಬೇಡದ ಟ್ಯಾಬ್ ಮುಚ್ಚಿ, ವಾಟ್ಸ್ಯಾಪ್ ಡೆಸ್ಕ್‌ಟಾಪ್‌ನಲ್ಲಿ ಫೋಟೋ ವಿಡಿಯೋ ತಾನೇ ಡೌನ್‌ಲೋಡ್ ಆಗುವುದನ್ನು ತೆಗೆದು, ಮತ್ತೆ ಹತ್ತು ನಿಮಿಷ ಅಳೆದೆ. ಎರಡು ಎಂಬಿಗಿಂತ ಕಡಿಮೆ. ತಾಸಿಗೆ ಹತ್ತು ಎಂಬಿ ಅಂತ ಹಿಡಿದರೆ ಸಾಕು.

ಖರ್ಚು: ಸೊನ್ನೆ. ಇಡೀ ಕೆಲಸದಲ್ಲಿ ಜಾಸ್ತಿ ಉಳಿಸಿದ್ದು ಇದೊಂದೇ ಸ್ವಿಚ್.

ಹಂತ 3: ವಿಡಿಯೋ ಕ್ವಾಲಿಟಿ

ಯೂಟ್ಯೂಬ್ `Auto`ದಲ್ಲಿದ್ದರೆ ಸ್ಪೀಡ್ ನೋಡಿ, ವಿಂಡೋ ಎಷ್ಟು ದೊಡ್ಡದಿದೆ ನೋಡಿ ಕ್ವಾಲಿಟಿ ತಾನೇ ಆರಿಸುತ್ತದೆ. ಇಲ್ಲೊಂದು ತಮಾಷೆ ಇದೆ. ವಿಡಿಯೋ ನಿಂತು ನಿಂತು ಬರುತ್ತಿದೆ ಅಂತ ನಾನು ಫೋನನ್ನು ಬಾಲ್ಕನಿ ಕಿಟಕಿಯ ಹತ್ತಿರ ಇಟ್ಟೆ. ಸಿಗ್ನಲ್ ಚೆನ್ನಾಯಿತು, ನಿಲ್ಲುವುದು ತಪ್ಪಿತು. ಅದರ ಜೊತೆಗೇ ಕ್ವಾಲಿಟಿ 480pಯಿಂದ 1080pಗೆ ಏರಿತು, ಡೇಟಾ ನಾಲ್ಕು ಪಟ್ಟು ವೇಗದಲ್ಲಿ ಖಾಲಿ. ಸಿಗ್ನಲ್ ಒಳ್ಳೆಯದಾದಷ್ಟೂ `Auto` ದುಬಾರಿ.

ಆದ್ದರಿಂದ ಗೇರ್ ಚಿಹ್ನೆ ಒತ್ತಿ `Quality`ಯಲ್ಲಿ ಕೈಯಾರೆ 480p ಇಡಿ. ನಮ್ಮದು 15 ಇಂಚಿನ ಸ್ಕ್ರೀನ್, ನಾವು ಕೂರುವುದು ಐದಾರು ಅಡಿ ದೂರ. ಅಷ್ಟು ದೂರದಿಂದ 480pಗೂ 720pಗೂ ವ್ಯತ್ಯಾಸ ತಮ್ಮನಿಗೆ ಕಾಣುತ್ತದೆ, ಅವ್ವನಿಗೆ ಕಾಣುವುದಿಲ್ಲ. ನ್ಯೂಸ್‌ಗೆ 360p ಸಾಕು, ಕೆಳಗೆ ಓಡುವ ಅಕ್ಷರ ಓದಲು ಬರುತ್ತದೆ. 240pಗೆ ಇಳಿಸಿದರೆ ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ, ಅದು ಬೇಡ.

ಇಟ್ಟ ಕ್ವಾಲಿಟಿ ನಿಜವಾಗಿ ನಿಂತಿದೆಯೇ ಅಂತ ನೋಡಲು ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ `Stats for nerds` ಆರಿಸಿ. ಎಡಗಡೆ ಮೇಲೆ ಒಂದು ಕಪ್ಪು ಚೌಕ ಬರುತ್ತದೆ. ಅದರಲ್ಲಿ `Current / Optimal Res` ಅನ್ನುವ ಸಾಲಿನಲ್ಲಿ 854x480 ಅಂತ ಇದ್ದರೆ ಸರಿ. `Buffer Health` ಅನ್ನುವುದು ಮುಂದಿನ ಎಷ್ಟು ಸೆಕೆಂಡಿನ ವಿಡಿಯೋ ಈಗಾಗಲೇ ಇಳಿದಿದೆ ಅಂತ ತೋರಿಸುತ್ತದೆ. ಅಂದರೆ ನಡುವೆ ಬಿಟ್ಟು ಬೇರೆ ವಿಡಿಯೋಗೆ ಹೋದರೆ ಅಷ್ಟು ಸೆಕೆಂಡಿನ ಡೇಟಾ ನೀರಿಗೆ. ಒಂದು ನೋಡಿ, ಬಿಟ್ಟು, ಇನ್ನೊಂದು ಒತ್ತುವ ಅಭ್ಯಾಸ ನಮ್ಮ ತಮ್ಮನಿಗೆ ಬಹಳ.

ಇನ್ನೆರಡು ಸಣ್ಣ ಕೆಲಸ. ವಿಡಿಯೋ ಮುಗಿದ ಕೂಡಲೇ ಮುಂದಿನದು ಶುರುವಾಗುವ `Autoplay` ತೆಗೆಯಿರಿ. ಹೋಮ್ ಪುಟದಲ್ಲಿ ಮೌಸ್ ತಾಗಿದರೆ ಸಾಕು, ವಿಡಿಯೋ ಓಡಲು ಶುರುವಾಗುತ್ತದೆ ನೋಡಿ, ಅದನ್ನೂ `Playback and performance` ಅನ್ನುವ ಸೆಟ್ಟಿಂಗ್ ಪುಟದಲ್ಲಿ ತೆಗೆಯಬಹುದು.

ಹಂತ 4: ಯುಎಸ್‌ಬಿ ಕೇಬಲ್ ಪ್ರಯತ್ನ, ಅರ್ಧ ಫೇಲ್

ಹಾಟ್‌ಸ್ಪಾಟ್ ಆನ್ ಇಟ್ಟು ಚಾರ್ಜ್‌ಗೂ ಹಾಕಿದರೆ ಫೋನ್ ಸುಡುತ್ತದೆ. ಪುಣೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಕೇಳಲೇಬೇಡಿ. ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಮಾಡಿದರೆ ವೈಫೈ ರೇಡಿಯೋಗೆ ಕೆಲಸವಿಲ್ಲ, ಬಿಸಿ ಕಡಿಮೆ, ಚಾರ್ಜ್ ಕೂಡ ಆಗುತ್ತದೆ. ಒಳ್ಳೆಯ ಯೋಚನೆ ಅಂತ ಮನೆಯಲ್ಲಿದ್ದ ಒಂದು ಕೇಬಲ್ ಹಾಕಿದೆ. ಫೋನಿನಲ್ಲಿ `USB tethering` ಅನ್ನುವ ಸ್ವಿಚ್ ಒತ್ತಲು ಬರದಂತೆ ಮಂಕಾಗಿತ್ತು. ಚಾರ್ಜ್ ಮಾತ್ರ ಆಗುತ್ತಿತ್ತು. ಆ ಕೇಬಲ್‌ನಲ್ಲಿ ಡೇಟಾ ತಂತಿಯೇ ಇರಲಿಲ್ಲ, ಬರೀ ಕರೆಂಟ್‌ನದು. ಪುಣೆಯ ಎಲೆಕ್ಟ್ರಾನಿಕ್ಸ್ ಸಾಮಾನಿನ ಬಜಾರಾದ ತಪಕೀರ್ ಗಲ್ಲಿಯಲ್ಲಿ ‘ಡೇಟಾ ಕೇಬಲ್’ ಅಂತಲೇ ಕೇಳಿ ಇನ್ನೊಂದು ತಂದೆ, 150 ರೂಪಾಯಿ. ಅಂಗಡಿಯ ಕಂಪ್ಯೂಟರ್‌ಗೇ ಫೋನ್ ಹಾಕಿ, ಆ ಸ್ವಿಚ್ ಎದ್ದು ಕಾಣುತ್ತದೆಯೇ ಅಂತ ನೋಡಿಯೇ ದುಡ್ಡು ಕೊಟ್ಟೆ.

ಟೆದರಿಂಗ್ ನಡೆಯಿತು. ಅವತ್ತೇ ಮಧ್ಯಾಹ್ನ ಡೇಟಾ ಮುಗಿಯಿತು.

ಕಾರಣ ಹುಡುಕಲು ಜಾಸ್ತಿ ಹೊತ್ತು ಹಿಡಿಯಲಿಲ್ಲ. `resmon` ತೆರೆದರೆ ಮತ್ತೆ ಅದೇ `svchost.exe` ಮೇಲಿತ್ತು. ಕೇಬಲ್ ಮೂಲಕ ಬರುವ ಇಂಟರ್‌ನೆಟ್ ವಿಂಡೋಸ್‌ಗೆ ವೈಫೈ ಅಲ್ಲ, `Ethernet`. ವೈಫೈಗೆ ಹಾಕಿದ `Metered connection` ಇದಕ್ಕೆ ಲಾಗೂ ಆಗುವುದಿಲ್ಲ. `Network & internet` ಒಳಗೆ `Ethernet` ಅಂತ ಬೇರೆ ಪುಟವಿದೆ, ಅಲ್ಲೂ ಅದೇ ಸ್ವಿಚ್ ಇದೆ, ಅಲ್ಲೂ ಹಾಕಬೇಕು. ಹಾಕಿದೆ. ಮರುದಿನ ಕೇಬಲ್ ಮತ್ತೆ ಚುಚ್ಚಿದಾಗ ನೋಡಿದರೆ ಸ್ವಿಚ್ ಮತ್ತೆ ಆಫ್. ನನ್ನ ಫೋನ್ ಪ್ರತಿ ಸಲ ಹೊಸ ಅಡಾಪ್ಟರ್‌ನ ಹಾಗೆ ಕಾಣಿಸಿಕೊಳ್ಳುತ್ತದೆ, ವಿಂಡೋಸ್ ಅದನ್ನು `Network 2`, `Network 3` ಅಂತ ಹೊಸ ಹೆಸರು ಕೊಟ್ಟು ಹೊಸದಾಗಿ ಶುರು ಮಾಡುತ್ತದೆ. ನಿಮ್ಮ ಫೋನ್ ಹೀಗೆ ಮಾಡದಿರಬಹುದು. ಒಂದೆರಡು ಸಲ ತೆಗೆದು ಹಾಕಿ ನೋಡಿಕೊಳ್ಳಿ.

ನಾನು ವೈಫೈಗೇ ವಾಪಸ್ ಬಂದೆ. ಆ ಕೇಬಲ್ ಈಗ ಚಾರ್ಜಿಂಗ್‌ಗೆ.

ಹಂತ 5: ಸ್ಪೀಕರ್

ಇಲ್ಲಿ ಎರಡು ಜಾತಿ ಇವೆ, ಅದು ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಬ್ಲೂಟೂತ್ ಸ್ಪೀಕರ್ ತಾನೇ ಇಂಟರ್‌ನೆಟ್‌ಗೆ ಹೋಗುವುದಿಲ್ಲ. ಫೋನ್ ಕೊಟ್ಟ ಸದ್ದನ್ನು ಹೊರಗೆ ಬಿಡುತ್ತದೆ ಅಷ್ಟೇ. ಫೋನಿನಲ್ಲಿ ಡೌನ್‌ಲೋಡ್ ಆದ ಹಾಡು ಹಚ್ಚಿದರೆ ಡೇಟಾ ಖರ್ಚೇ ಇಲ್ಲ. ವೈಫೈ ಸ್ಪೀಕರ್ ಹಾಗಲ್ಲ. ನೀವು ಫೋನಿನಲ್ಲಿ ಹಾಡು ಆರಿಸಿ ಸ್ಪೀಕರ್‌ಗೆ ಕಳಿಸಿದಾಗ ಫೋನ್ ಬರೀ ರಿಮೋಟ್. ಹಾಡನ್ನು ಸ್ಪೀಕರ್ ತಾನೇ ಹಾಟ್‌ಸ್ಪಾಟ್ ಮೂಲಕ ಎಳೆದುಕೊಳ್ಳುತ್ತದೆ. ಫೋನಿನ ಆ್ಯಪ್ ಮುಚ್ಚಿದರೂ ಅದು ನಿಲ್ಲುವುದಿಲ್ಲ.

ತಮ್ಮನದು ಎರಡನೇ ಜಾತಿ. ರಾತ್ರಿ ಮಲಗುವಾಗ ಮೆತ್ತಗೆ ಹಾಡು ಹಚ್ಚಿ ಮಲಗುತ್ತಾನೆ. ಬೆಳಿಗ್ಗೆ ಏಳುವಷ್ಟರಲ್ಲಿ ‘ನಿಮ್ಮ ದಿನದ ಡೇಟಾ ಶೇ. 50 ಮುಗಿದಿದೆ’ ಅಂತ ಮೆಸೇಜ್ ಬಂದಿರುತ್ತಿತ್ತು. ಹೊಸ ಕೋಟಾ ಶುರುವಾಗಿ ಏಳು ತಾಸಷ್ಟೇ ಆಗಿತ್ತು, ಎಲ್ಲರೂ ಮಲಗಿದ್ದೆವು.

ಹಾಡಿನ ಲೆಕ್ಕ ಸುಲಭ. ಎಷ್ಟು ಕೆಬಿಪಿಎಸ್ ಇದೆಯೋ ಅದನ್ನು 0.45ರಿಂದ ಗುಣಿಸಿದರೆ ತಾಸಿಗೆ ಎಷ್ಟು ಎಂಬಿ ಅಂತ ಬರುತ್ತದೆ. 96 ಕೆಬಿಪಿಎಸ್ ಅಂದರೆ 43 ಎಂಬಿ. 160 ಅಂದರೆ 72. 320 ಅಂದರೆ 144. ತಮ್ಮನ ಹಾಡಿನ ಆ್ಯಪ್‌ನಲ್ಲಿ ಅತಿ ಹೆಚ್ಚಿನ ಕ್ವಾಲಿಟಿ ಇತ್ತು, ಅಂದರೆ 320. ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಏಳರವರೆಗೆ ಏಳು ತಾಸು, 1008 ಎಂಬಿ. ಮೆಸೇಜ್‌ಗೆ ಸರಿಯಾಗಿ ಕೂತಿತು.

ಫೋನ್‌ನ ಹಾಟ್‌ಸ್ಪಾಟ್‌ಗೆ ‘ಯಾರೂ ಕನೆಕ್ಟ್ ಇಲ್ಲದಿದ್ದರೆ ತಾನೇ ಆಫ್’ ಅನ್ನುವ ಸೆಟ್ಟಿಂಗ್ ಹಾಕಿದ್ದೆ. ಅದು ಯಾಕೆ ಆಫ್ ಆಗಲಿಲ್ಲ ಅಂತ ಆಗ ತಿಳಿಯಿತು. ಲ್ಯಾಪ್‌ಟಾಪ್ ಮಲಗಿದರೂ ಸ್ಪೀಕರ್ ಕನೆಕ್ಟ್ ಆಗಿಯೇ ಇರುತ್ತದೆ. ಅದು ಇರುವವರೆಗೆ ಹಾಟ್‌ಸ್ಪಾಟ್‌ಗೆ ನಿದ್ದೆ ಇಲ್ಲ.

ಅವ್ವನಿಗೆ ಇದನ್ನು ಹೇಳಿದೆ.

‘ಬರೇ ಹಾಡ ಕೇಳಿದ್ರ ಇಷ್ಟ್ ಖರ್ಚ್ ಆಗ್ತದೇನೋ?’

‘ರಾತ್ರಿಪೂರ್ತಿ ಹಚ್ಚಿದ್ರ ಆಗ್ತದವ್ವಾ.’

‘ನಿದ್ದಿ ಹತ್ತಿದ ಮ್ಯಾಲ ಯಾರ ಕೇಳ್ತಾರ ಅದನ್ನ?’ ಅಂದಳು. ತಮ್ಮ ಬಾಯಿ ಬಿಡಲಿಲ್ಲ.

ಈಗ ಮಾಡಿರುವುದು ಇದು. ಬೆಳಿಗ್ಗೆಯ ವಚನ, ದಾಸರ ಪದ ಎಲ್ಲ ಫೋನಿಗೆ ಡೌನ್‌ಲೋಡ್ ಆಗಿವೆ. ಸ್ಪೀಕರ್‌ಗೆ ಬ್ಲೂಟೂತ್ ಕೂಡ ಇತ್ತು, ಅದರಲ್ಲೇ ಹಚ್ಚುತ್ತೇವೆ. ಪಟ್ಟಿಯಲ್ಲಿ ಇಲ್ಲದ್ದು ಕೇಳಬೇಕಾದರೆ ಸ್ಟ್ರೀಮ್, ಆದರೆ 96 ಕೆಬಿಪಿಎಸ್‌ನಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಯೂಟ್ಯೂಬ್ ಹಾಡು ಬೇಕೆಂದರೆ 144p. ಅಲ್ಲಿ ಚಿತ್ರ ಮತ್ತು ಸದ್ದು ಬೇರೆ ಬೇರೆಯಾಗಿ ಬರುತ್ತವೆ. ಚಿತ್ರ ಇಳಿಸಿದರೂ ನಮ್ಮ ಸ್ಪೀಕರ್‌ನಲ್ಲಿ ಸದ್ದಿನ ವ್ಯತ್ಯಾಸ ನನಗೆ ತಿಳಿಯಲಿಲ್ಲ. ತಾಸಿಗೆ 100 ಎಂಬಿ, ಹಾಡಿನ ಆ್ಯಪ್‌ಗಿಂತ ಎರಡು ಪಟ್ಟು. ಆದ್ದರಿಂದ ಹಾಡಿಗೆ ಹಾಡಿನ ಆ್ಯಪ್ಪೇ ಮೇಲು.

ಹಂತ 6: ಹೆಸರು ಬದಲಿಸಿದ್ದಕ್ಕೆ ಬಂದ ಪಜೀತಿ

ವೈಫೈ ಸ್ಪೀಕರ್ ತಾನಾಗಿ ಹಾಟ್‌ಸ್ಪಾಟ್‌ಗೆ ಸೇರದಿರಲಿ ಅಂತ ಹಾಟ್‌ಸ್ಪಾಟ್‌ನ ಹೆಸರನ್ನೇ ಬದಲಿಸಿದೆ. ಸ್ಪೀಕರ್ ಹೊರಗೆ ಬಿತ್ತು, ಸರಿ. ಲ್ಯಾಪ್‌ಟಾಪ್ ಹೊಸ ಹೆಸರಿಗೆ ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಸಂಜೆ ತಮ್ಮ ಕೂಗಿದ: ‘ಅಣ್ಣಾ, ಮತ್ತ ಗುಂಡ ತಿರುಗಾಕತ್ತೈತಿ ನೋಡ.’ ಸ್ಕ್ರೀನ್ ನಡುವೆ ಆ ಚಕ್ರ ತಿರುಗುತ್ತಲೇ ಇತ್ತು. ಕೋಟಾ ಮುಗಿದಿತ್ತು.

ವಿಂಡೋಸ್‌ನಲ್ಲಿ `Metered connection` ಅನ್ನುವುದು ಹಾಟ್‌ಸ್ಪಾಟ್‌ನ ಹೆಸರಿಗೆ ಅಂಟಿಕೊಂಡಿರುತ್ತದೆ. ಹೆಸರು ಬದಲಾದರೆ ಅದು ಹೊಸ ವೈಫೈ, ಸ್ವಿಚ್ ಆಫ್. ಫೋನ್ ಬದಲಿಸಿದರೂ, ತಮ್ಮನ ಫೋನಿನ ಹಾಟ್‌ಸ್ಪಾಟ್‌ಗೆ ಒಂದು ಗಳಿಗೆ ಸೇರಿದರೂ ಇದೇ ಕಥೆ. ಪ್ರತಿ ಸಲ ಸೆಟ್ಟಿಂಗ್‌ನ ಒಳಗೆ ಇಳಿಯುವ ಬದಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದು ಸಾಲು ಸಾಕು. ನನ್ನ ಹಾಟ್‌ಸ್ಪಾಟ್ ಹೆಸರು `Chinchwad4`, ಅಲ್ಲಿ ನಿಮ್ಮದನ್ನು ಬರೆಯಿರಿ:

```
netsh wlan set profileparameter name="Chinchwad4" cost=Fixed
netsh wlan show profile name="Chinchwad4"
```

ಮೊದಲ ಸಾಲು ಸ್ವಿಚ್ ಹಾಕುತ್ತದೆ. ಎರಡನೆಯದು ತೋರಿಸುವ ಉದ್ದ ಪಟ್ಟಿಯ ಕೊನೆಗೆ `Cost settings` ಅಂತ ಭಾಗ ಬರುತ್ತದೆ. ಅಲ್ಲಿ `Cost` ಎದುರಿಗೆ `Fixed` ಇದ್ದರೆ ಆಯಿತು. `Unrestricted` ಅಂತ ಇದ್ದರೆ ಇನ್ನೂ ಹತ್ತಿಲ್ಲ.

ಹೆಸರು ಬದಲಿಸುವ ಅಗತ್ಯವೇ ಇರಲಿಲ್ಲ, ಅದೂ ಆಮೇಲೆ ಗೊತ್ತಾಯಿತು. ಫೋನಿನ ಹಾಟ್‌ಸ್ಪಾಟ್ ಪುಟದಲ್ಲಿ ಕನೆಕ್ಟ್ ಆದವರ ಪಟ್ಟಿ ಇದೆ, ಅಲ್ಲೇ ಸ್ಪೀಕರನ್ನು ಬ್ಲಾಕ್ ಮಾಡಬಹುದು. ಕೆಲವು ಫೋನ್‌ಗಳಲ್ಲಿ ಅದೇ ಪುಟದಲ್ಲಿ ‘ಒಂದು ಸಲಕ್ಕೆ ಇಷ್ಟೇ ಡೇಟಾ’ ಅಂತ ಮಿತಿಯನ್ನೂ ಹಾಕಬಹುದು. ಅಷ್ಟು ಖರ್ಚಾದ ಕೂಡಲೇ ಹಾಟ್‌ಸ್ಪಾಟ್ ಬಂದ್ ಆಗುತ್ತದೆ. ನಾನು ಸಂಜೆಗೆ 800 ಎಂಬಿ ಅಂತ ಇಟ್ಟಿದ್ದೇನೆ.

ಹಂತ 7: ಸದ್ದು ತುಂಡು ತುಂಡಾಗಿ ಬರುವುದು

ಇದು ಡೇಟಾದ ತೊಂದರೆ ಅಲ್ಲ, ಆದರೆ ಹಾಗೇ ಕಾಣುತ್ತದೆ. ಲ್ಯಾಪ್‌ಟಾಪ್‌ನಿಂದ ಬ್ಲೂಟೂತ್ ಸ್ಪೀಕರ್‌ಗೆ ಸದ್ದು ಕಳಿಸಿ ವಿಡಿಯೋ ಹಚ್ಚಿದರೆ ಸದ್ದು ಕಡಿದು ಕಡಿದು ಬರುತ್ತಿತ್ತು. ಡೇಟಾ ಉಳಿದಿತ್ತು. `Buffer Health` ನೋಡಿದರೆ ಮೂವತ್ತು ಸೆಕೆಂಡಿಗಿಂತ ಜಾಸ್ತಿ. ಅಂದರೆ ವಿಡಿಯೋ ಸರಿಯಾಗಿಯೇ ಇಳಿಯುತ್ತಿದೆ. ಖಾತ್ರಿ ಮಾಡಿಕೊಳ್ಳಲು ಲ್ಯಾಪ್‌ಟಾಪ್‌ನಲ್ಲೇ ಇದ್ದ ಹಾಡಿನ ಫೈಲ್ ಒಂದನ್ನು ಹಚ್ಚಿದೆ, ಹಿಂದೆ ದೊಡ್ಡ ಪುಟವೊಂದು ಲೋಡ್ ಆಗಲು ಬಿಟ್ಟು. ಅದೂ ಕಡಿಯಿತು.

ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ನನ್ನ ಹಾಟ್‌ಸ್ಪಾಟ್ ಕೂಡ 2.4ರಲ್ಲೇ ಇತ್ತು. ಎರಡೂ ಒಂದೇ ಲ್ಯಾಪ್‌ಟಾಪ್‌ನ ಆಂಟೆನಾ ಹತ್ತಿರ ಜಾಗಕ್ಕೆ ಜಗಳಾಡುತ್ತವೆ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ 5 ಗಿಗಾಹರ್ಟ್ಸ್‌ಗೆ ಹಾಕಿದೆ, ಕಡಿಯುವುದು ನಿಂತಿತು. ಆಂಡ್ರಾಯ್ಡ್‌ನಲ್ಲಿ `Extend compatibility`, ಐಫೋನ್‌ನಲ್ಲಿ `Maximize Compatibility` ಅನ್ನುವ ಸ್ವಿಚ್ ಆನ್ ಇದ್ದರೆ ಹಾಟ್‌ಸ್ಪಾಟ್ 2.4ಕ್ಕೆ ಹೋಗುತ್ತದೆ, ಅದನ್ನು ಆಫ್ ಮಾಡಿ. ಆದರೆ 5 ಗಿಗಾಹರ್ಟ್ಸ್ ಗೋಡೆ ದಾಟುವುದು ಕಷ್ಟ. ಫೋನ್ ಹಾಲ್‌ನಲ್ಲೇ ಇರಬೇಕು, ಅಡುಗೆಮನೆಯಲ್ಲಿಟ್ಟರೆ ಕನೆಕ್ಷನ್ ಬಿದ್ದುಹೋಗುತ್ತದೆ. ಹಳೆಯ ಲ್ಯಾಪ್‌ಟಾಪ್ ಆಗಿದ್ದು 5 ಹಿಡಿಯದಿದ್ದರೆ ಬ್ಲೂಟೂತ್ ಬಿಟ್ಟು ಆಕ್ಸ್ ಕೇಬಲ್ ಹಾಕಿ. ತಪಕೀರ್ ಗಲ್ಲಿಯಲ್ಲಿ 80 ರೂಪಾಯಿಗೆ ಅದನ್ನೂ ತಂದಿಟ್ಟಿದ್ದೇನೆ.

ಹಂತ 8: ಈಗಿನ ಒಂದು ದಿನ

ಮೂರೂ ಜನ ಮನೆಯಲ್ಲಿದ್ದ ಒಂದು ದಿನದ ಖರ್ಚು ಬರೆದಿಟ್ಟಿದ್ದು: ಫೋನಿನದೇ ಮಾಮೂಲಿ ಬಳಕೆ 300 ಎಂಬಿ. ಲ್ಯಾಪ್‌ಟಾಪ್‌ನಲ್ಲಿ ಆಫೀಸಿನ ಮೇಲ್, ಫೈಲ್ ಎಲ್ಲ ಸೇರಿ 250. ರಾತ್ರಿಯ ಒಂದು ತಾಸು 480pಯಲ್ಲಿ 330. ನ್ಯೂಸ್ ಅರ್ಧ ತಾಸು 360pಯಲ್ಲಿ 105. ಡೌನ್‌ಲೋಡ್ ಆಗದ ಹಾಡು ಎರಡು ತಾಸು, 86. ಲ್ಯಾಪ್‌ಟಾಪ್ ಸುಮ್ನೆ ತೆರೆದಿದ್ದದ್ದಕ್ಕೆ 40. ಒಟ್ಟು 1111 ಎಂಬಿ. ಸುಮಾರು 900 ಎಂಬಿ ಉಳಿದಿದೆ.

ವೀಡಿಯೋ ಕಾಲ್ ಬಂದರೆ ಈ ಲೆಕ್ಕ ಅಲ್ಲಾಡುತ್ತದೆ. ಕ್ರಿಕೆಟ್ ಮ್ಯಾಚ್ ಇದ್ದರೆ ಪೂರ್ತಿ ಕುಸಿಯುತ್ತದೆ. ಮೂರೂವರೆ ತಾಸಿನ ಟಿ20ಯನ್ನು 480pಯಲ್ಲಿ ನೋಡಿದರೂ ಒಂದು ಜಿಬಿ ದಾಟುತ್ತದೆ. ಆ ದಿನ ಆ್ಯಡ್‌ಆನ್ ಹಾಕಿಸುವುದೇ, ಅದಕ್ಕೆ ಬೇರೆ ಮದ್ದಿಲ್ಲ.

ಕೋಟಾ ಮುಗಿದ ಮೇಲೂ ಹಾಡು ಕೇಳಬಹುದೇ ಅಂತಲೂ ನೋಡಿದೆ. 64 ಕೆಬಿಪಿಎಸ್ ಉಳಿದಿರುತ್ತದಲ್ವಾ? ಸ್ಪಾಟಿಫೈನಲ್ಲಿ ತೀರಾ ಕಡಿಮೆಯ ಕ್ವಾಲಿಟಿ 24 ಕೆಬಿಪಿಎಸ್‌ನದು. ಫೋನಿನಲ್ಲಿ ಅದನ್ನು ಇಟ್ಟು, ಹಾಟ್‌ಸ್ಪಾಟ್ ಆಫ್ ಮಾಡಿದರೆ ಹಾಡು ಶುರುವಾಗಲು ಬಹಳ ಹೊತ್ತು ಹಿಡಿಯುತ್ತದೆ, ಶುರುವಾದ ಮೇಲೆ ನಿಲ್ಲದೆ ಓಡುತ್ತದೆ. ಸದ್ದು ಹಳೆಯ ಟೆಲಿಫೋನ್‌ನಲ್ಲಿ ಕೇಳಿದ ಹಾಗೆ. ಲ್ಯಾಪ್‌ಟಾಪ್ ಕನೆಕ್ಟ್ ಆಯಿತೋ, ಅಷ್ಟು ಸಣ್ಣ ಕಿಂಡಿಯಲ್ಲಿ ಅದರದೂ ಇದರದೂ ಸೇರಿ ಹಾಡು ನಿಂತುಹೋಗುತ್ತದೆ. ವಿಡಿಯೋ ಅಂತೂ 144p ಕೂಡ ಇಲ್ಲ.

ಹಂತ 9: ನಿಲ್ಲಿಸಿಟ್ಟ ಅಪ್‌ಡೇಟ್‌ಗಳ ಗತಿ

`Metered connection` ಹಾಕಿಟ್ಟರೆ ವಿಂಡೋಸ್‌ನ ಸೆಕ್ಯುರಿಟಿ ಅಪ್‌ಡೇಟ್ ಕೂಡ ಬಾಕಿ ಬೀಳುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಡುವುದು ಒಳ್ಳೆಯದಲ್ಲ. ದಿನದ ಪ್ಯಾಕ್‌ನಲ್ಲಿ ಉಳಿದದ್ದು ಮರುದಿನಕ್ಕೆ ಸೇರುವುದಿಲ್ಲ, ಹನ್ನೆರಡಕ್ಕೆ ಹೋಯಿತೆಂದರೆ ಹೋಯಿತು. ಆದ್ದರಿಂದ ಉಳಿದ 900 ಎಂಬಿಯನ್ನು ಅದಕ್ಕೇ ಬಳಸುತ್ತೇನೆ.

ರಾತ್ರಿ ಹನ್ನೊಂದರ ಹೊತ್ತಿಗೆ ಉಳಿದದ್ದು ಎಷ್ಟು ಅಂತ ನೋಡುತ್ತೇನೆ. 500 ಎಂಬಿಗಿಂತ ಜಾಸ್ತಿ ಇದ್ದರೆ ಸ್ವಿಚ್ ಆಫ್ ಮಾಡಿ `Windows Update` ಪುಟದಲ್ಲಿ ಡೌನ್‌ಲೋಡ್ ಶುರು ಮಾಡುತ್ತೇನೆ. ಅದು ಓಡುತ್ತಿರುವಾಗ ಅವ್ವ ಕೇಳಿದ ಹಾಡುಗಳನ್ನು ಫೋನಿಗೆ ಇಳಿಸಿಕೊಳ್ಳುತ್ತೇನೆ. 11:50ಕ್ಕೆ ಫೋನಿನ ಅಲಾರಾಂ ಹೊಡೆಯುತ್ತದೆ. ಆಗ ಸ್ವಿಚ್ ಮತ್ತೆ ಆನ್. ಅರ್ಧಕ್ಕೆ ನಿಂತ ಅಪ್‌ಡೇಟ್ ಮರುದಿನ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ, ಮೊದಲಿನಿಂದ ಇಳಿಯುವುದಿಲ್ಲ. ಅಲಾರಾಂ ಮೀರಿ ಹನ್ನೆರಡು ದಾಟಿದರೆ ಮಾತ್ರ ಅದು ನಾಳೆಯ ಕೋಟಾದ ಮೇಲೆ ಕೈ ಹಾಕುತ್ತದೆ, ಅದಕ್ಕೇ ಹತ್ತು ನಿಮಿಷ ಮುಂಚೆ.

ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ಹೀಗೆ ತುಂಡು ತುಂಡಾಗಿ ಎಳೆಯುವಂಥದ್ದಲ್ಲ. ಅದು ಬಂದಾಗ ಲ್ಯಾಪ್‌ಟಾಪ್ ಹೊತ್ತು ವಾಕಡದ ಗೆಳೆಯನ ಮನೆಗೆ ಹೋಗಬೇಕು, ಅವನಿಗೆ ಬ್ರಾಡ್‌ಬ್ಯಾಂಡ್ ಇದೆ. ತಮ್ಮನ ಸ್ಪೀಕರ್‌ಗೂ ಒಂದು ಅಪ್‌ಡೇಟ್ ಬಾಕಿ ಇದೆ ಅಂತ ಅದರ ಆ್ಯಪ್ ತೋರಿಸುತ್ತಿದೆ. ಅದನ್ನೂ ಅದೇ ದಿನ ಚೀಲದಲ್ಲಿ ಹಾಕಿಕೊಂಡು ಹೋಗುವುದು.

ಇಲ್ಲಿಯವರೆಗಿನ ಖರ್ಚು: ಡೇಟಾ ಕೇಬಲ್ 150, ಆಕ್ಸ್ ಕೇಬಲ್ 80, ಒಟ್ಟು 230 ರೂಪಾಯಿ. ಆ್ಯಡ್‌ಆನ್ ಪ್ಯಾಕ್ ಈಗ ಮ್ಯಾಚ್ ಇರುವ ದಿನ ಮಾತ್ರ.